ಮೂರು ದಿನಾಂಕ ಕೊಟ್ಟು ಬರೆದ ಒಂದು ಮೇಲ್

ಹೋದ ವಾರ ಪಕ್ಕದ ತಾಲ್ಲೂಕಿನ ಒಬ್ಬ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಅಂಗಡಿ ಲೈಸೆನ್ಸಿಗೆ ಅರ್ಜಿ ಹಾಕಿ ಮೂರು ತಿಂಗಳಾಯ್ತು. ಹೋದಾಗೆಲ್ಲ ಮುಂದಿನ ವಾರ ಬನ್ನಿ ಅಂತಾರೆ. ಇಲ್ಲ ಅಂತಾನೂ ಹೇಳಲ್ಲ, ಕೊಡೋದೂ ಇಲ್ಲ. ಏನ್ ಮಾಡೋದು?" ಅಂದ. ಅವನಿಗೆ ಫೋನಲ್ಲಿ ಹೇಳಿದ್ದು ಸಾಕಾಗಲಿಲ್ಲ ಅನ್ನಿಸಿ ಇದನ್ನು ಬರೀತಿದ್ದೀನಿ. ಇದು ನಮ್ಮ ಚಿಕ್ಕವ್ವನ ಕತೆ. ಅವಳನ್ನ ಕೇಳೇ ಬರೀತಿದ್ದೀನಿ. "ಬರಿ ಮಗ, ಆದ್ರೆ ನನ್ನ ಹೆಸರು ಬೇಡ, ಬೀದಿ ಹೆಸರೂ ಬೇಡ" ಅಂದಿದ್ದಾಳೆ. ಹಾಗಾಗಿ ಎರಡೂ ಇಲ್ಲ.

ಚಿಕ್ಕವ್ವ ಇಪ್ಪತ್ತು ವರ್ಷ ಬೇರೆಯವರ ಒಲೆ ಮುಂದೆ ನಿಂತವಳು. ಹಾಸ್ಟೆಲ್ಲಿನ ಅಡುಗೆಮನೆ, ನಮ್ಮ ಜನರ ಮದುವೆ, ತಿಥಿ, ಜಾತ್ರೆ. ಅವಳ ಕೈಯ ಮುದ್ದೆ, ಕೋಳಿ ಸಾರು ಉಂಡವರು ಇನ್ನೊಂದು ಸಲ ಕೇಳದೆ ಎದ್ದಿದ್ದು ನಾನು ನೋಡಿಲ್ಲ. 2024ರ ಜೂನ್‌ನಲ್ಲಿ ಅವಳು ಒಂದು ಮಳಿಗೆ ಹಿಡಿದಳು. ಹತ್ತಡಿಗೆ ಹದಿನಾಲ್ಕಡಿ, ಹಿಂದೆ ಪಾತ್ರೆ ತೊಳೆಯಲು ಒಂದಿಷ್ಟು ಜಾಗ. ಅಡ್ವಾನ್ಸ್ 50,000, ತಿಂಗಳಿಗೆ ಬಾಡಿಗೆ 7,000. ಅಡ್ವಾನ್ಸಿನ ದುಡ್ಡು ಸಂಘದ ಸಾಲ, ವಾರ ವಾರ ಕಂತು ಕಟ್ಟಲೇಬೇಕು. ಹೋಟೆಲು ತೆರೆದರೂ ಕಟ್ಟಬೇಕು, ತೆರೆಯದಿದ್ದರೂ ಕಟ್ಟಬೇಕು.

ಊಟದ ಅಂಗಡಿಗೆ ಎರಡು ಕಾಗದ ಬೇಕಿತ್ತು. ಒಂದು ಆಹಾರ ಸುರಕ್ಷತೆಯ ನೋಂದಣಿ. ಅವಳಂಥ ಸಣ್ಣ ಅಂಗಡಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಅದು ತಕರಾರಿಲ್ಲದೆ ಬಂತು. ಇನ್ನೊಂದು ಪಾಲಿಕೆಯ ಉದ್ದಿಮೆ ಪರವಾನಗಿ, ನಾವು ಟ್ರೇಡ್ ಲೈಸೆನ್ಸ್ ಅನ್ನೋದು. ಜೂನ್ 10ಕ್ಕೆ ಅರ್ಜಿ ಹಾಕಿದೆವು. ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ, ಮಳಿಗೆಯ ತೆರಿಗೆ ರಸೀದಿ, ಆಧಾರ್, ಫೋಟೋ, ಶುಲ್ಕ ಎಲ್ಲಾ ಕೊಟ್ಟಾಯ್ತು. ಸಕಾಲದ ಸಂಖ್ಯೆ ಇರೋ ಒಂದು ರಸೀದಿ ಕೊಟ್ಟರು. ಚಿಕ್ಕವ್ವ ಅದನ್ನ ಮಡಚಿ ರೇಷನ್ ಕಾರ್ಡಿನ ಕವರಿನಲ್ಲಿ ಇಟ್ಟುಕೊಂಡಳು.

ಆಮೇಲೆ ಶುರುವಾಯ್ತು ಓಡಾಟ. ಮೊದಲ ಸಲ ಹೋದಾಗ ಕೇಸ್ ವರ್ಕರ್ ರಜೆ. ಎರಡನೇ ಸಲ, "ಇನ್ಸ್‌ಪೆಕ್ಟರ್ ಜಾಗ ನೋಡ್ಬೇಕಮ್ಮ, ಬರ್ತಾರೆ." ಅವರು ಬರಲಿಲ್ಲ. ಮೂರನೇ ಸಲ ಸರ್ವರ್ ಇಲ್ಲ. ನಾಲ್ಕನೇ ಸಲ ಸಾಹೇಬರು ಮೀಟಿಂಗ್‌ನಲ್ಲಿ. ಐದನೇ ಸಲ, ಜುಲೈ 18ಕ್ಕೆ, ಅಲ್ಲಿನ ಒಬ್ಬರು ದನಿ ತಗ್ಗಿಸಿ, "ಅಕ್ಕಪಕ್ಕದವರದ್ದು ಏನೋ ಆಕ್ಷೇಪಣೆ ಇದ್ಯಂತಮ್ಮ. ನೋಡೋಣ, ಮುಂದಿನ ವಾರ ಬನ್ನಿ" ಅಂದರಂತೆ.

ಯಾರ ಆಕ್ಷೇಪಣೆ? ಏನಂತ? ಕಾಗದ ಇದ್ಯಾ? ಅವಳು ಕೇಳಲಿಲ್ಲ. ಕೇಳಬೇಕು ಅಂತ ಗೊತ್ತಿರಲಿಲ್ಲ. ರಾತ್ರಿ ನಮ್ಮ ಮನೆಗೆ ಬಂದು, ಗೋಡೆಗೆ ಒರಗಿ ಕೂತು, "ನಾನ್ ಮಾಡಿದ್ದು ಅವ್ರಿಗೆ ಬೇಡ ಅಂತ ಕಾಣ್ತದೆ ಮಗ" ಅಂದಳು. ಅದರ ಅರ್ಥ ಬಿಡಿಸಿ ಹೇಳೋದು ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ನಾನು ಹದಿನೆಂಟು ವರ್ಷದಿಂದ ಒಂದು ಕಚೇರಿಯಲ್ಲಿ ಗುಮಾಸ್ತ. ಟಪಾಲು ಬರೆದುಕೊಳ್ಳೋದು, ಕಡತ ಕಟ್ಟೋದು, ಟಿಪ್ಪಣಿ ಬರೆದು ಮೇಲಕ್ಕೆ ಕಳಿಸೋದು ನನ್ನ ಕೆಲಸ. ಅದರಿಂದ ಒಂದು ಮಾತು ಖಚಿತವಾಗಿ ಗೊತ್ತು. ಬಾಯಲ್ಲಿ ಹೇಳಿದ "ಬನ್ನಿ ನೋಡೋಣ" ಯಾವ ಕಡತದಲ್ಲೂ ಇರಲ್ಲ. ಚಿಕ್ಕವ್ವ ಐದು ಸಲ ಕೂಲಿ ಬಿಟ್ಟು ಹೋಗಿದ್ದಳು. ಕಡತ ತೆಗೆದು ನೋಡಿದರೆ ಅವಳು ಜೂನ್ 10ಕ್ಕೆ ಅರ್ಜಿ ಕೊಟ್ಟಿದ್ದು ಮಾತ್ರ ಕಾಣುತ್ತೆ. ಆಮೇಲೆ ಅವಳು ಬಂದೇ ಇಲ್ಲ ಅಂದರೂ ನಡೆಯುತ್ತೆ. ನಾಳೆ ಯಾರಾದರೂ ಮೇಲಧಿಕಾರಿ ಕೇಳಿದರೆ, "ಅರ್ಜಿದಾರರು ಮುಂದುವರಿಸಿಲ್ಲ" ಅಂತ ಒಂದು ಸಾಲು ಬರೆಯೋಕೆ ಎಷ್ಟು ಹೊತ್ತು? ನಾನೇ ಅಂಥ ಸಾಲುಗಳನ್ನ ಬೇರೆಯವರು ಹೇಳಿದಂತೆ ಬರೆದಿದ್ದೀನಿ. ನಾಚಿಕೆಯಿಂದಲೇ ಹೇಳ್ತಿದ್ದೀನಿ.

ಅವಳ ರಸೀದಿ ಬಿಡಿಸಿ ನೋಡಿದೆ. ಸೇವೆ ಕೊಡಬೇಕಾದ ಕೊನೆಯ ದಿನ ಅಂತ ಜುಲೈ 15 ಅಚ್ಚಾಗಿತ್ತು. ಅದು ಆಗಲೇ ದಾಟಿತ್ತು. ಇಲ್ಲಿ ನಮ್ಮ ಜನ ಎಡವೋ ಜಾಗ ಇದೆ, ನಿಧಾನವಾಗಿ ಓದಿ. ಸಕಾಲ ಕಾಯ್ದೆ 2011ರದ್ದು. ಅದರಲ್ಲಿ ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಹಾಕಬಹುದು. ತಿರಸ್ಕಾರವೂ ಇಲ್ಲದೆ, ಕೊಡೋದೂ ಇಲ್ಲದೆ ಕೊನೆಯ ದಿನ ದಾಟಿಹೋದರೂ ಹಾಕಬಹುದು. ಆದರೆ ಎರಡಕ್ಕೂ 30 ದಿನದ ಗಡುವು. ಅಂದರೆ ಚಿಕ್ಕವ್ವನ ಗಡುವು ಆಗಸ್ಟ್ 14. "ಮುಂದಿನ ವಾರ ಬನ್ನಿ" ಅಂತ ನಾಲ್ಕು ಸಲ ಹೇಳಿದರೆ ಆ 30 ದಿನ ಮುಗಿದೇ ಹೋಗುತ್ತೆ. ಆಮೇಲೆ ತಡ ಯಾಕಾಯ್ತು ಅಂತ ನಾವೇ ಕಾರಣ ಕೊಟ್ಟುಕೊಂಡು ನಿಲ್ಲಬೇಕು. ತಡ ಮಾಡಿದ್ದು ಅವರು, ವಿವರಣೆ ಕೊಡೋದು ನಾವು. ಇಲ್ಲ ಅನ್ನದೆ ಸುಮ್ಮನೆ ಕಾಯಿಸೋದಕ್ಕೆ ಅಷ್ಟು ಬಲ ಇದೆ.

ಈ ವಿಷಯ ನಮ್ಮ ಗೆಳೆಯರ ಹತ್ತಿರ ಹೇಳಿದಾಗ ದೊಡ್ಡ ವಾದವೇ ಆಯ್ತು. ಒಬ್ಬರು "ಕಚೇರಿ ಮುಂದೆ ತಮಟೆ ಬಾರಿಸೋಣ" ಅಂದರು. ಇನ್ನೊಬ್ಬರು ನೇರವಾಗಿ ದೌರ್ಜನ್ಯ ತಡೆ ಕಾಯ್ದೆಯ ಕೇಸು ಅಂದರು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 2015ರ ತಿದ್ದುಪಡಿ ಆದಮೇಲೆ, ಪರಿಶಿಷ್ಟರು ಎಲ್ಲರಿಗೂ ಹಕ್ಕಿರುವ ವ್ಯಾಪಾರ, ವೃತ್ತಿ ಮಾಡದಂತೆ ತಡೆಯೋದು ಆ ಕಾಯ್ದೆಯ ಸೆಕ್ಷನ್ 3ರಲ್ಲಿ ಅಪರಾಧ. ಆದರೆ ನಮ್ಮ ಕೈಯಲ್ಲಿ ಏನಿತ್ತು? ಯಾರೋ ದನಿ ತಗ್ಗಿಸಿ ಹೇಳಿದ ಒಂದು ಮಾತು. ಆಕ್ಷೇಪಣೆ ಕಾಗದ ನಾವು ಕಂಡಿಲ್ಲ, ಅದು ಇದೆಯೋ ಇಲ್ಲವೋ ಗೊತ್ತಿಲ್ಲ. ನಾನು "ಮೊದಲು ಆ ಕಾಗದ ಹೊರಗೆ ಬರಲಿ, ಅಹವಾಲು ಕೇಳಿ ಅಂತ ಒಂದು ಮೇಲ್ ಹಾಕೋಣ" ಅಂದೆ. "ಮೇಲಲ್ಲಿ ಬೇಡ್ಕೋತೀಯಾ?" ಅಂದ ಒಬ್ಬ ಗೆಳೆಯ. ಆ ಮಾತು ಚುಚ್ಚಿತು. ಯಾಕೆಂದರೆ ನಮ್ಮಪ್ಪ ಬರೆಸುತ್ತಿದ್ದ ಅರ್ಜಿಗಳನ್ನ ನಾನು ನೋಡಿದ್ದೀನಿ. "ದಯಾಪರರಾದ ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ" ಅಂತ ಶುರುವಾಗಿ, ಬಡವನ ಮೇಲೆ ಕರುಣೆ ತೋರಿ ಅಂತ ಮುಗಿಯುತ್ತಿದ್ದವು. ಅವುಗಳಲ್ಲಿ ದಿನಾಂಕ ಇರ್ತಿರಲಿಲ್ಲ. ಅವನಿಗೆ ಯಾವತ್ತು ಕರೆದರೆ ಅವತ್ತು ಹೋಗೋದು, ಕರೆಯೋ ತನಕ ಹೊರಗೆ ನಿಲ್ಲೋದು.

ಆ ರಾತ್ರಿ ಬರೆಯೋಕೆ ಕೂತೆ. ಮೊದಲು ಬರೆದಿದ್ದು ಮೂರು ಪುಟ. ಸಂವಿಧಾನದ 17ನೇ ವಿಧಿ, ಬಾಬಾಸಾಹೇಬರು, ಇಪ್ಪತ್ತು ವರ್ಷದ ಅಡುಗೆ, ಐದು ಸಲದ ಓಡಾಟ, ನನ್ನ ಸಿಟ್ಟು ಎಲ್ಲಾ ಅದರಲ್ಲಿತ್ತು. ಬೆಳಿಗ್ಗೆ ಗುಮಾಸ್ತನ ಕಣ್ಣಲ್ಲಿ ಓದಿದೆ. ಇಂಥ ಕಾಗದ ನನ್ನ ಮೇಜಿಗೆ ಬಂದರೆ ಏನಾಗುತ್ತೆ ಅಂತ ನನಗೇ ಗೊತ್ತು. "ಆರೋಪಗಳಿವೆ, ಪರಿಶೀಲಿಸಬೇಕು" ಅಂತ ಪಕ್ಕಕ್ಕೆ ಹೋಗುತ್ತೆ. ಓದಿದವನು ಇವತ್ತು ಏನು ಮಾಡಬೇಕು ಅನ್ನೋದು ಮೂರು ಪುಟದಲ್ಲಿ ಎಲ್ಲೂ ಇರಲಿಲ್ಲ. ಎಲ್ಲಾ ತೆಗೆದು ಮತ್ತೆ ಬರೆದೆ. ಜುಲೈ 22, ಸೋಮವಾರ ಕಳಿಸಿದ್ದು ಇದು:

"ವಿಷಯ: ಉದ್ದಿಮೆ ಪರವಾನಗಿ ಅರ್ಜಿಯ ವಿಳಂಬ. ಖುದ್ದು ಅಹವಾಲು ಹೇಳಲು ದಿನಾಂಕ ನಿಗದಿಪಡಿಸುವ ಬಗ್ಗೆ.

ಮಾನ್ಯರೇ,

ಊಟದ ಹೋಟೆಲ್ ನಡೆಸಲು ಉದ್ದಿಮೆ ಪರವಾನಗಿ ಕೋರಿ ನಾನು 10-06-2024ರಂದು ಅರ್ಜಿ ಸಲ್ಲಿಸಿದ್ದೇನೆ. ಸಕಾಲ ರಸೀದಿಯ ಪ್ರಕಾರ ಸೇವೆ ನೀಡಬೇಕಾದ ಕೊನೆಯ ದಿನ 15-07-2024. ಇಂದಿನವರೆಗೆ ನನಗೆ ಪರವಾನಗಿಯಾಗಲಿ, ತಿರಸ್ಕಾರದ ಹಿಂಬರಹವಾಗಲಿ ತಲುಪಿಲ್ಲ.

18-07-2024ರಂದು ತಮ್ಮ ಕಚೇರಿಗೆ ಬಂದಾಗ, ನನ್ನ ಅರ್ಜಿಗೆ ಆಕ್ಷೇಪಣೆ ಬಂದಿದೆ ಎಂದು ಮೌಖಿಕವಾಗಿ ತಿಳಿಸಲಾಯಿತು. ಅದರ ಪ್ರತಿಯನ್ನು ನನಗೆ ಕೊಟ್ಟಿಲ್ಲ. ಉತ್ತರ ಹೇಳಲು ಅವಕಾಶವನ್ನೂ ಕೊಟ್ಟಿಲ್ಲ.

ಆದ್ದರಿಂದ ನನ್ನ ಅಹವಾಲನ್ನು ಖುದ್ದಾಗಿ ಕೇಳಬೇಕೆಂದು ಕೋರುತ್ತೇನೆ. ಕೆಳಗಿನ ಯಾವುದೇ ದಿನ ನಾನು ಮೂಲ ದಾಖಲೆಗಳೊಂದಿಗೆ ಹಾಜರಿರುತ್ತೇನೆ:

30-07-2024, ಮಂಗಳವಾರ, ಮಧ್ಯಾಹ್ನ 3.30
02-08-2024, ಶುಕ್ರವಾರ, ಬೆಳಿಗ್ಗೆ 11.00
06-08-2024, ಮಂಗಳವಾರ, ಮಧ್ಯಾಹ್ನ 3.30

ಇವು ತಮಗೆ ಅನುಕೂಲವಾಗದಿದ್ದರೆ 09-08-2024ರೊಳಗಿನ ಬೇರೆ ದಿನವನ್ನು ಬರಹದಲ್ಲಿ ತಿಳಿಸಲು ಕೋರುತ್ತೇನೆ. ಆಕ್ಷೇಪಣೆ ಇದ್ದಲ್ಲಿ ಅದರ ಪ್ರತಿಯನ್ನು ಆ ದಿನಕ್ಕೆ ಮುಂಚೆ ಕೊಡಬೇಕು. ಇಲ್ಲದಿದ್ದಲ್ಲಿ ಇಲ್ಲವೆಂದು ತಿಳಿಸಬೇಕು. ನನ್ನೊಂದಿಗೆ ಸಹಾಯಕ್ಕೆ ಒಬ್ಬರು ಬರುತ್ತಾರೆ.

ರಸೀದಿ, ಆಹಾರ ಸುರಕ್ಷತೆ ನೋಂದಣಿ ಮತ್ತು ಬಾಡಿಗೆ ಕರಾರಿನ ಪ್ರತಿ ಲಗತ್ತಿಸಿದೆ."

ಇಷ್ಟೇ. ಕೆಳಗೆ ಚಿಕ್ಕವ್ವನ ಹೆಸರು, ವಿಳಾಸ, ಫೋನ್ ನಂಬರು. ವಿಷಯದ ಸಾಲಿನ ಕೊನೆಗೆ ಸಕಾಲ ಸಂಖ್ಯೆ. ನನ್ನ ಹೆಸರು ಎಲ್ಲೂ ಇಲ್ಲ, ಮೇಲ್ ಹೋಗಿದ್ದೂ ಅವಳ ಹೆಸರಿನಲ್ಲಿ ತೆರೆದ ಐಡಿಯಿಂದ. ಅರ್ಜಿದಾರಳು ಅವಳು. ನಾನು ಬರೆದರೆ "ಇದಕ್ಕೂ ನಿಮಗೂ ಏನು ಸಂಬಂಧ" ಅನ್ನೋ ಒಂದೇ ಪ್ರಶ್ನೆಗೆ ಒಂದು ತಿಂಗಳು ಹೋಗುತ್ತೆ. ಕಳಿಸೋ ಮೊದಲು ಪೂರ್ತಿ ಓದಿ ಹೇಳಿದೆ. "ಕೈಮುಗೀತೀನಿ ಅಂತ ಹಾಕಿಲ್ವಲ್ಲ, ಸಿಟ್ಟಾಗಲ್ವಾ?" ಅಂತ ಕೇಳಿದಳು. "ಮಾನ್ಯರೇ ಅಂತ ಹಾಕಿದ್ದೀನಲ್ಲ ಚಿಕ್ಕವ್ವ, ಸಾಕು" ಅಂದೆ.

ಇನ್ನು ಆ ದಿನಾಂಕಗಳ ಬಗ್ಗೆ. ಮೊದಲು ನಾನೂ ಎಲ್ಲರ ಹಾಗೆ "ತಮಗೆ ಅನುಕೂಲವಾದ ದಿನ ತಿಳಿಸಿ" ಅಂತಲೇ ಬರೆದಿದ್ದೆ. ವಿನಯವಾಗಿ ಕಾಣುತ್ತೆ. ಆದರೆ ಅನುಕೂಲವಾದ ದಿನ ಯಾವತ್ತೂ ಬರದೆ ಇರಬಹುದು, ಅದಕ್ಕೆ ಯಾರೂ ಹೊಣೆ ಅಲ್ಲ. ಒಂದೇ ದಿನ ಕೊಟ್ಟರೆ, "ಅವತ್ತು ನಾನು ಫೀಲ್ಡ್ ನಲ್ಲಿದ್ದೆ" ಅಂದರೆ ಮುಗೀತು, ಅದು ನಿಜವೂ ಇರಬಹುದು. ಮೂರು ದಿನ ಕೊಟ್ಟರೆ ಮೂರಕ್ಕೂ ಕಾರಣ ಬೇಕು. ಅಧಿಕಾರಿ ಒಳ್ಳೆಯವರಾಗಿದ್ದರೆ ಅವರಿಗೆ ಕೆಲಸ ಸುಲಭ, ಒಂದನ್ನು ಆರಿಸಿದರೆ ಸಾಕು. ಒಳ್ಳೆಯವರಲ್ಲದಿದ್ದರೆ, ಮೂರು ಬಿಟ್ಟು ಸುಮ್ಮನಿದ್ದರು ಅನ್ನೋದು ಬರಹದಲ್ಲಿ ಉಳಿಯುತ್ತೆ.

ಯಾವ ಮೂರು ದಿನ ಅನ್ನೋದಕ್ಕೂ ಲೆಕ್ಕ ಇತ್ತು. ಮೊದಲನೆಯದು ಮೇಲ್ ಹೋದ ಎಂಟನೇ ದಿನ. ನಾಳೆ, ನಾಡಿದ್ದು ಅಂತ ಬರೆದರೆ ಟಪಾಲು ಅವರ ಮೇಜಿಗೆ ಹೋಗೋ ಹೊತ್ತಿಗೆ ದಿನ ದಾಟಿರುತ್ತೆ. ಎರಡು ಮಧ್ಯಾಹ್ನ, ಒಂದು ಬೆಳಿಗ್ಗೆ. ಆ ಕಚೇರಿಯ ಬೋರ್ಡಿನಲ್ಲಿ ಸಾರ್ವಜನಿಕರ ಭೇಟಿ ಸಮಯ 3.30ರ ನಂತರ ಅಂತ ಇತ್ತು. ಬುಧವಾರ ಬಿಟ್ಟಿದ್ದೆ, ಅವತ್ತು ಸಂತೆ, ಚಿಕ್ಕವ್ವ ಸಂತೆಯಲ್ಲಿ ಊಟ ಮಾರಿ ಕಂತಿನ ದುಡ್ಡು ಹೊಂದಿಸ್ತಾಳೆ. ನಾನು ಅರ್ಧ ದಿನದ ರಜೆ ಹಾಕಬಹುದಾದ ದಿನಗಳೂ ಅವೇ. ಎಲ್ಲಕ್ಕಿಂತ ಮುಖ್ಯ, ಮೂರೂ ದಿನ ಆಗಸ್ಟ್ 14ಕ್ಕೆ ಮುಂಚೆ. ಮೂರಕ್ಕೂ ಉತ್ತರ ಬರದಿದ್ದರೆ ಮೇಲ್ಮನವಿ ಬರೆಯೋಕೆ ಇನ್ನೂ ಒಂದು ವಾರ ಕೈಯಲ್ಲಿರುತ್ತೆ. ನೀವು ಬರೆಯುವಾಗ ಮೊದಲು ಗಡುವು ಗೊತ್ತು ಮಾಡಿಕೊಳ್ಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ ದಿನಾಂಕ ಕೊಡಿ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ ಅನ್ನೋದು ಮರೀಬೇಡಿ.

ಮೇಲ್ ಕಳಿಸಿ ಸುಮ್ಮನೆ ಕೂರಲಿಲ್ಲ. ಬೋರ್ಡಿನಲ್ಲಿ ಬರೆದ ಐಡಿಗೆ ಹಾಕಿದ್ದು ಹತ್ತೇ ನಿಮಿಷಕ್ಕೆ ವಾಪಸ್ ಬಂತು, ಆ ಐಡಿ ಸತ್ತಿತ್ತು. ಪಾಲಿಕೆಯ ವೆಬ್‌ಸೈಟಿನಲ್ಲಿದ್ದ ಇನ್ನೊಂದು ಐಡಿಗೆ ಕಳಿಸಿ, ಮೇಲಿನ ಕಚೇರಿಗೂ ಒಂದು ಪ್ರತಿ ಹಾಕಿದೆವು. ಮಾರನೇ ದಿನ ಅದನ್ನೇ ಎರಡು ಪ್ರಿಂಟ್ ತೆಗೆದು ಚಿಕ್ಕವ್ವ ಟಪಾಲು ಶಾಖೆಗೆ ಹೋದಳು. ಒಂದನ್ನ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್ವರ್ಡ್ ನಂಬರು ಹಾಕಿಸಿಕೊಂಡು ಬಂದಳು. "ಮೇಲ್ ಮಾಡಿದ್ದೀರಲ್ಲ, ಮತ್ಯಾಕೆ" ಅಂದರಂತೆ. "ನಮ್ಮ ಹುಡುಗ ಹಾಕಿಸ್ಕೊಂಡ್ ಬಾ ಅಂದವ್ನೆ" ಅಂದಳಂತೆ. ಮೇಲ್ ನೋಡಲಿಲ್ಲ ಅಂತ ಹೇಳಬಹುದು. ಸೀಲು ಬಿದ್ದ ಕಾಗದ ಬಂದೇ ಇಲ್ಲ ಅಂತ ಹೇಳೋಕಾಗಲ್ಲ.

ಜುಲೈ 29ರ ತನಕ ಏನೂ ಇಲ್ಲ. ಅವತ್ತು ಸಂಜೆ ಚಿಕ್ಕವ್ವನಿಗೆ ಫೋನು. "ನಾಳೆ ಬೇಡ, ಶುಕ್ರವಾರ ಬನ್ನಿ." ಯಾರು ಮಾತಾಡಿದ್ದು ಅಂತ ಅವಳಿಗೆ ಗೊತ್ತಾಗಲಿಲ್ಲ. ನಾನು ಅದೇ ಮೇಲಿಗೆ ಕೆಳಗೆ ಎರಡು ಸಾಲು ಸೇರಿಸಿ ಕಳಿಸಿದೆ: "ಇಂದು ಸಂಜೆ ತಮ್ಮ ಕಚೇರಿಯಿಂದ ದೂರವಾಣಿಯಲ್ಲಿ ತಿಳಿಸಿದಂತೆ 02-08-2024ರ ಬೆಳಿಗ್ಗೆ 11ಕ್ಕೆ ಹಾಜರಿರುತ್ತೇನೆ. ಆಕ್ಷೇಪಣೆಯ ಪ್ರತಿಯನ್ನು ಎದುರು ನೋಡುತ್ತಿದ್ದೇನೆ." ಫೋನಿನಲ್ಲಿ ಬಂದ ಮಾತನ್ನು ಅವತ್ತೇ ಬರಹಕ್ಕೆ ಇಳಿಸಿ. ತಪ್ಪಾಗಿದ್ದರೆ ಅವರು ತಿದ್ದಲಿ. ತಿದ್ದದಿದ್ದರೆ ಅದೇ ದಾಖಲೆ.

ಪ್ರತಿ ಬರಲಿಲ್ಲ. ಶುಕ್ರವಾರ ಮಳೆ. 10.45ಕ್ಕೇ ಹೋಗಿ ಕೂತೆವು. 12.20ಕ್ಕೆ ಒಳಗೆ ಕರೆದರು. ಚಿಕ್ಕವ್ವ ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಹೋದಳು. ನಾನು ಮೊಣಕೈ ಹಿಡಿದೆ. ಕುರ್ಚಿ ತೋರಿಸಲಿಲ್ಲ, ನಾವೇ ಕೂತೆವು. ಅಧಿಕಾರಿ ಕೂಗಾಡೋ ಮನುಷ್ಯ ಅಲ್ಲ, ಅದನ್ನೂ ಹೇಳಬೇಕು. ಮೇಲಿನ ಪ್ರಿಂಟ್ ಅವರ ಮುಂದಿತ್ತು, ದಿನಾಂಕಗಳ ಪಕ್ಕ ಪೆನ್ನಿನಲ್ಲಿ ಗೀಟು ಹಾಕಿದ್ದರು. "ಆಕ್ಷೇಪಣೆ ಇದೆಯಲ್ಲ" ಅಂತ ಕಡತ ತಿರುಗಿಸಿ ತೋರಿಸಿದರು.

ಒಂದು ಹಾಳೆ. ಐದು ಸಹಿ. ದಿನಾಂಕ ಇಲ್ಲ, ಕಚೇರಿಯ ಸೀಲೂ ಇಲ್ಲ. ಮಾಂಸದ ವಾಸನೆಯಿಂದ ತೊಂದರೆ ಆಗುತ್ತೆ, ಬೀದಿಯ ವಾತಾವರಣ ಕೆಡುತ್ತೆ, "ಇಂಥವರಿಗೆ" ಅನುಮತಿ ಕೊಡಬಾರದು ಅಂತ ಇತ್ತು. ಇಂಥವರು ಅಂದರೆ ಯಾರು ಅಂತ ಬರೆದಿರಲಿಲ್ಲ.

ನಾನು ಬಾಯಿ ತೆರೆಯೋ ಮೊದಲು ಚಿಕ್ಕವ್ವ ಕೇಳಿದಳು. "ಸಾರ್, ನಮ್ಮ ಮಳಿಗೆಯಿಂದ ನಾಲ್ಕಂಗಡಿ ಆಚೆ ಒಂದು ಮಿಲ್ಟ್ರಿ ಹೋಟ್ಲು ಐತೆ. ಅಲ್ಲೂ ಕೋಳಿನೇ ಬೇಯೋದು. ಆ ಕೋಳಿಗೆ ವಾಸ್ನೆ ಇಲ್ವಾ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಕೇಸ್ ವರ್ಕರ್ ಕಿಟಕಿ ಕಡೆ ನೋಡಿದರು. ಆ ಹೋಟೆಲಿಗೆ ಲೈಸೆನ್ಸ್ ಇದೆಯಾ ಅಂತ ನಾನು ಕೇಳಿದೆ, ಇದೆ ಅಂದರು. ಅದಕ್ಕೆ ಇಂಥ ಆಕ್ಷೇಪಣೆ ಬಂದಿತ್ತಾ ಅಂದೆ, ಗೊತ್ತಿಲ್ಲ ಅಂದರು. ಹೊಗೆ, ಚರಂಡಿ, ಕಸ ಇವುಗಳ ಬಗ್ಗೆ ತಕರಾರಿದ್ದರೆ ಜಾಗ ನೋಡಿ ಹೇಳಿ, ಸರಿ ಮಾಡ್ತೀವಿ. ಅಡುಗೆ ಮಾಡೋಳು ಯಾರು ಅನ್ನೋದು ತಕರಾರಾದರೆ ಅದನ್ನ ಕಾರಣ ಅಂತ ಬರೆದು ಹಿಂಬರಹ ಕೊಡಿ, ಅಂದೆ. ಅಷ್ಟು ಹೇಳುವಾಗ ನನ್ನ ದನಿ ನಡುಗ್ತಿತ್ತು. "ಮುಂದಿನ ಗುರುವಾರದೊಳಗೆ ಇನ್ಸ್‌ಪೆಕ್ಟರ್ ಕಳಿಸ್ತೀನಿ" ಅಂದರು. ಆಕ್ಷೇಪಣೆಯ ನಕಲು ಕೊಡೋಕೆ ಹಿಂದೆಮುಂದೆ ನೋಡಿ, ಕೊನೆಗೆ ಜೆರಾಕ್ಸ್ ಮಾಡಿಸಿ ಕೊಟ್ಟರು.

ಅಲ್ಲಿ ನಡೆದದ್ದನ್ನು ಅವರು ಯಾರೂ ಬರೆದುಕೊಳ್ಳಲಿಲ್ಲ. ಸಂಜೆ ನಾವೇ ಬರೆದೆವು. ಯಾರು ಇದ್ದರು, ಏನು ತೋರಿಸಿದರು, ಏನು ಹೇಳಿದರು, ಗುರುವಾರ ಅಂದರೆ ಆಗಸ್ಟ್ 8, ಇಷ್ಟನ್ನು ಅದೇ ಮೇಲಿನ ಕೆಳಗೆ ಹಾಕಿದೆವು.

ಆಗಸ್ಟ್ 8ಕ್ಕೆ ಇನ್ಸ್‌ಪೆಕ್ಟರ್ ಬಂದರು. ಹೊಗೆ ಕೊಳವೆ ಎರಡಡಿ ಎತ್ತರಿಸಬೇಕು, ಮುಚ್ಚಳ ಇರುವ ಕಸದ ಡಬ್ಬ ಇಡಬೇಕು ಅಂದರು. ಎರಡೇ ದಿನದಲ್ಲಿ ಮಾಡಿಸಿ ಫೋಟೋ ಕಳಿಸಿದೆವು. ಲೈಸೆನ್ಸ್ ಮಾತ್ರ ಬರಲಿಲ್ಲ. "ಆಯ್ತಲ್ಲ, ಬರುತ್ತೆ ಬಿಡಿ" ಅಂದರು. ಇಲ್ಲಿ ನಾನು ಮೆತ್ತಗಾಗಿಬಿಡ್ತಿದ್ದೆ, ಇಷ್ಟು ಮಾಡಿದ್ದಾರಲ್ಲ, ಮೇಲ್ಮನವಿ ಹಾಕಿದರೆ ಬೇಜಾರಾಗ್ತಾರೆ ಅಂತ. ಚಿಕ್ಕವ್ವನೇ ಕೇಳಿದಳು, "14 ಅಂದಿದ್ಯಲ್ಲ ಮಗ, ಅದು ದಾಟಿದ್ರೆ?" ಆಗಸ್ಟ್ 12, ಸೋಮವಾರ ಮೇಲಿನ ಸಕ್ಷಮ ಅಧಿಕಾರಿಗೆ ಸಕಾಲ ಮೇಲ್ಮನವಿ ಹಾಕಿದೆವು. ಹೊಸದಾಗಿ ಬರೆಯೋದು ಏನೂ ಇರಲಿಲ್ಲ. ಸೀಲು ಬಿದ್ದ ಪ್ರತಿ, ಮೇಲಿನ ಸರಣಿ, ಮೂರು ದಿನಾಂಕ, ಜೆರಾಕ್ಸು ಜೋಡಿಸಿದರೆ ಅದೇ ಮೇಲ್ಮನವಿ.

ಆಗಸ್ಟ್ 21ಕ್ಕೆ ಲೈಸೆನ್ಸ್ ಬಂತು. ಮೇಲ್ಮನವಿಯಿಂದ ಬಂತೋ, ಅಹವಾಲಿನಿಂದ ಬಂತೋ, ಹಾಗೇ ಬರ್ತಿತ್ತೋ, ನಾನು ಹೇಳಲಾರೆ. ಒಂದು ಲೆಕ್ಕ ಮಾತ್ರ ಹೇಳ್ತೀನಿ. ಸಕಾಲದಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ ಪರಿಹಾರ ಅಂತ ಇದೆ, ಆದರೆ 500ಕ್ಕಿಂತ ಹೆಚ್ಚಿಲ್ಲ. ಜುಲೈ 15ರಿಂದ 37 ದಿನಕ್ಕೆ 740 ಆಗಬೇಕು, ಮಿತಿಯಿಂದಾಗಿ 500. ಅದನ್ನ ಮೇಲ್ಮನವಿಯಲ್ಲಿ ಕೇಳಿದ್ದೆವು, ಕೈಗೆ ಬಂದಿಲ್ಲ. ತೆರೆಯದ ಮಳಿಗೆಗೆ ಚಿಕ್ಕವ್ವ ಕಟ್ಟಿದ ಮೂರು ತಿಂಗಳ ಬಾಡಿಗೆ 21,000. ತಡ ಮಾಡಿದರೆ ಕಚೇರಿಗೆ ಹೆಚ್ಚೆಂದರೆ 500, ನಮಗೆ 21,000. ಕಾಯಿಸೋದು ಯಾಕೆ ಇಷ್ಟು ಸಲೀಸು ಅಂತ ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ತಿಳಿಯುತ್ತೆ.

ಆ ಜೆರಾಕ್ಸ್ ಹಾಳೆ ನನ್ನ ಬೀರುವಿನಲ್ಲಿದೆ. ಕೇಸು ಹಾಕೋಣ ಅಂತ ಗೆಳೆಯರು ಈಗಲೂ ಹೇಳ್ತಾರೆ, ನನಗೂ ಅನ್ನಿಸುತ್ತೆ. ಚಿಕ್ಕವ್ವ ಬೇಡ ಅಂದಳು. "ನಾನು ಅದೇ ಬೀದೀಲಿ ಒಲೆ ಹಚ್ಚಬೇಕು ಮಗ. ನೀನು ಪೋಸ್ಟ್ ಹಾಕಿ ಮನೇಗ್ ಹೋಗ್ತೀಯ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿರ್ಧಾರ ಅವಳದ್ದು, ಕಾಗದ ಕಾಯೋದು ನನ್ನ ಕೆಲಸ. ಕಾಗದ ಇದ್ದರೆ ನಾಳೆ ಅವಳು ಮನಸ್ಸು ಬದಲಿಸಬಹುದು. ಇಲ್ಲದಿದ್ದರೆ ಆ ದಾರಿನೇ ಇರಲ್ಲ.

ಫೋನ್ ಮಾಡಿದ ತಮ್ಮನಿಗೆ: ನಿನ್ನ ರಸೀದಿ ತೆಗೆದು ಕೊನೆಯ ದಿನ ನೋಡು. ಮೂರು ತಿಂಗಳಾಗಿದೆ ಅಂದಿಯಲ್ಲ, 30 ದಿನ ದಾಟಿರಬಹುದು. ದಾಟಿದ್ದರೂ ಬರಿ, ಹೋದಾಗ ಯಾರು ಯಾವತ್ತು "ಬನ್ನಿ" ಅಂದರು ಅನ್ನೋದೇ ನಿನ್ನ ತಡಕ್ಕೆ ಕಾರಣ. ನೆನಪಿರೋ ಅಷ್ಟು ದಿನಾಂಕ ಇವತ್ತೇ ಬರೆದಿಡು. ಮೇಲ್ ಬರೆದು ನನಗೆ ಕಳಿಸು, ನೋಡಿಕೊಡ್ತೀನಿ. ಒಂದು ಪುಟ ದಾಟದಿರಲಿ.

ಚಿಕ್ಕವ್ವ ಶ್ರಾವಣ ಕಳೆಯೋ ತನಕ ಸೊಪ್ಪಿನ ಸಾರು, ಮೊಟ್ಟೆ ಅಷ್ಟೇ ಮಾಡಿದಳು. ಆಮೇಲೆ ಕೋಳಿ ಶುರುವಾಯ್ತು. ಲೈಸೆನ್ಸಿಗೆ ಫ್ರೇಮ್ ಹಾಕಿಸಿ ಬಾಬಾಸಾಹೇಬರ ಫೋಟೋದ ಪಕ್ಕ ತೂಗುಹಾಕಿದ್ದಾಳೆ. ಹೋದ ತಿಂಗಳು ಮಧ್ಯಾಹ್ನ ಊಟಕ್ಕೆ ಹೋಗಿದ್ದೆ. ಮೂಲೆಯ ಟೇಬಲ್ಲಿನಲ್ಲಿ ಒಬ್ಬರು ತಲೆ ಬಗ್ಗಿಸಿ ಮುದ್ದೆ ಮುರೀತಿದ್ದರು. ಚಿಕ್ಕವ್ವ ಇನ್ನೊಂದು ಸೌಟು ಸಾರು ಹಾಕಿ ಬಂದು, ನನ್ನ ಕಿವಿಯಲ್ಲಿ ಹೇಳಿದಳು. "ಆ ಐದು ಸಹೀಲಿ ಒಂದು ಇವರದ್ದೇ. ದುಡ್ ಕೊಡ್ತಾರೆ, ಉಣ್ಣಲಿ ಬಿಡು."

ಜೈ ಭೀಮ್.